ತರಬೇತಿಯ ನಡುವೆ ಒಂದು ಕ್ವಿಜ್: ಭೋಸರಿಯ ಅಕೌಂಟ್ಸ್ ವಿಭಾಗದ ಪ್ರಕರಣ

ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ವಾಹನಗಳ ಬಿಡಿಭಾಗ ಮಾಡುವ ಒಂದು ಕಂಪನಿ ಇದೆ. ಅಲ್ಲಿನ ಅಕೌಂಟ್ಸ್, ಪರ್ಚೇಸ್, ಸ್ಟೋರ್ಸ್ ಮತ್ತು ಎಚ್‌ಆರ್ ವಿಭಾಗದ 38 ಜನರಿಗೆ ಒಂದೂವರೆ ಗಂಟೆಯ ತರಬೇತಿ ಕೊಡಲು ನನ್ನನ್ನು ಕರೆದಿದ್ದರು. ವಿಷಯ ಒಂದೇ. ಸಪ್ಲೈಯರ್ ಹೆಸರಿನಲ್ಲಿ ಬರುವ ಮೋಸದ ಇಮೇಲ್. ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಬಾಕಿ ಹಣವನ್ನು ಈ ಹೊಸ ಖಾತೆಗೆ ಹಾಕಿ’ ಎಂದು ಬರುತ್ತದಲ್ಲ, ಆ ಮೇಲ್.

ಇದೇ ವಿಷಯದ ಮೇಲೆ ಅಲ್ಲಿ ಹಿಂದಿನ ವರ್ಷವೂ ತರಬೇತಿ ಆಗಿತ್ತು. ಕೊನೆಗೆ ಹತ್ತು ಪ್ರಶ್ನೆಗಳ ಕ್ವಿಜ್ ಇತ್ತು. ಹೆಚ್ಚುಕಮ್ಮಿ ಎಲ್ಲರಿಗೂ ಪೂರ್ತಿ ಅಂಕ. ಆಮೇಲೆ ಕೆಲವೇ ತಿಂಗಳಲ್ಲಿ ಇಂಥದ್ದೇ ಒಂದು ಮೇಲ್ ಬಂತು. ಸಿಸ್ಟಮ್‌ನಲ್ಲಿ ಸಪ್ಲೈಯರ್‌ನ ಖಾತೆ ನಂಬರ್ ಬದಲಾಯಿತು. ವಾರದ ಪೇಮೆಂಟ್ ಲಿಸ್ಟ್‌ನಲ್ಲೂ ಆ ನಂಬರ್ ಸೇರಿತು. ಬೇರೆ ಯಾವುದೋ ಕೆಲಸಕ್ಕೆ ನಿಜವಾದ ಸಪ್ಲೈಯರ್ ಫೋನ್ ಮಾಡಿದಾಗ ಮಾತಿನ ನಡುವೆ ವಿಷಯ ಹೊರಬಂತು. ಲಿಸ್ಟ್ ಇನ್ನೂ ಬ್ಯಾಂಕಿಗೆ ಹೋಗಿರಲಿಲ್ಲ, ಹಾಗಾಗಿ ಹಣ ಉಳಿಯಿತು.

ಅಲ್ಲಿನ ಎಚ್‌ಆರ್ ಮ್ಯಾನೇಜರ್ ಧಾರವಾಡ ಕಡೆಯವರು. ಮೊದಲ ಫೋನಿನಲ್ಲೇ ಅವರು ನೇರವಾಗಿ ಕೇಳಿದರು: “ಸರ, ಹೋದ ವರ್ಷ ಕ್ವಿಜ್‌ನ್ಯಾಗ ಎಲ್ಲಾರೂ ಹತ್ತಕ್ಕ ಹತ್ತು ತಗೊಂಡ್ರು. ಆದ್ರೂ ಹಿಂಗಾತು. ಹಂಗಾರ ಅವರಿಗೆ ತಿಳಿದಿತ್ತೋ, ಇಲ್ಲೋ?”

ಒಳ್ಳೆಯ ಪ್ರಶ್ನೆ. ಹಳೆಯ ಕ್ವಿಜ್ ಹಾಳೆ ಕಳಿಸಿ ಎಂದೆ.

ಹಳೆಯ ಕ್ವಿಜ್ ಏನನ್ನು ಅಳೆಯುತ್ತಿತ್ತು

ಅದರಲ್ಲಿದ್ದ ಒಂದು ಪ್ರಶ್ನೆ ಹೀಗಿತ್ತು: ‘ಅನುಮಾನ ಬರುವ ಮೇಲ್ ಬಂದರೆ ಏನು ಮಾಡಬೇಕು?’ ಆಯ್ಕೆಗಳು: ಸುಮ್ಮನೆ ಲಿಂಕ್ ಒತ್ತಬೇಕು, ಪಾಸ್‌ವರ್ಡ್ ಕೊಡಬೇಕು, ಸ್ನೇಹಿತರಿಗೆ ಕಳಿಸಬೇಕು, ಕಂಪನಿಯ ನಿಯಮದಂತೆ ಪರಿಶೀಲಿಸಿ ಮೇಲಧಿಕಾರಿಗೆ ತಿಳಿಸಬೇಕು. ತರಬೇತಿಗೆ ಬಾರದವರೂ ಇದಕ್ಕೆ ಸರಿ ಉತ್ತರ ಕೊಡುತ್ತಾರೆ. ಎಲ್ಲಕ್ಕಿಂತ ಉದ್ದದ ವಾಕ್ಯವೇ ಸರಿ ಉತ್ತರ. ಮಿಕ್ಕ ಮೂರನ್ನು ಯಾವ ಅಕೌಂಟೆಂಟೂ ಮಾಡುವುದಿಲ್ಲ. ಇನ್ನು ಕೆಲವು ಪ್ರಶ್ನೆಗಳಲ್ಲಿ ಕೊನೆಯ ಆಯ್ಕೆ ‘ಮೇಲಿನ ಎಲ್ಲವೂ’. ಅದು ಇದ್ದ ಕಡೆಯೆಲ್ಲ ಅದೇ ಸರಿ.

ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿತ್ತು. ‘ಅನುಮಾನ ಬರುವ ಮೇಲ್’ ಎಂದು ಪ್ರಶ್ನೆಯೇ ಹೇಳಿಬಿಟ್ಟಿದೆ. ನಿಜವಾದ ಕಷ್ಟ ಇರುವುದು ಅನುಮಾನವೇ ಬರದ ಮೇಲ್‌ನಲ್ಲಿ, ಅಲ್ವಾ? ಕಂಪನಿಗೆ ಬಂದಿದ್ದ ಮೇಲ್ ಹಾಗೇ ಇತ್ತು. ಸಪ್ಲೈಯರ್‌ನ ಮೇಲ್‌ಬಾಕ್ಸ್ ಒಳಗೇ ಯಾರೋ ನುಗ್ಗಿದ್ದರು. ಹಳೆಯ ಮಾತುಕತೆಯ ಕೆಳಗೇ ಹೊಸ ಮೇಲ್ ಬಂದಿತ್ತು. ವಿಳಾಸ ನೂರಕ್ಕೆ ನೂರು ಸರಿಯಿತ್ತು. ಬಿಲ್ ನಂಬರ್ ಸರಿ, ಮೊತ್ತ ಸರಿ. ಕ್ಯಾನ್ಸಲ್ ಮಾಡಿದ ಚೆಕ್ಕಿನ ಫೋಟೋ ಕೂಡ ಜೊತೆಗಿತ್ತು. ಹಳೆಯ ಕ್ವಿಜ್‌ನಲ್ಲಿ ಪೂರ್ತಿ ಅಂಕ ಪಡೆದವರು ಈ ಮೇಲ್‌ಗೆ ಏನು ಮಾಡುತ್ತಾರೆ ಎಂಬುದು ಆ ಹಾಳೆಯಿಂದ ತಿಳಿಯುವಂತೆಯೇ ಇರಲಿಲ್ಲ.

ಕ್ವಿಜ್ ಕೊನೆಯಲ್ಲಿದ್ದದ್ದೂ ಒಂದು ಕಾರಣ. ಕೊನೆಯಲ್ಲಿ ತಪ್ಪು ಕಂಡರೆ ತಿದ್ದಲು ಸಮಯ ಎಲ್ಲಿದೆ? ಹೊರಗೆ ಚಹಾ ಬಂದಿರುತ್ತದೆ, ಜನ ಎದ್ದಿರುತ್ತಾರೆ. ಅಂಕಗಳು ಫೈಲಿಗೆ ಹೋಗುತ್ತವೆ, ತಪ್ಪು ತಿಳಿವಳಿಕೆ ಮನೆಗೆ ಹೋಗುತ್ತದೆ. ಹಾಗಾಗಿ ಕ್ವಿಜ್ ಅನ್ನು ನಡುವೆ ತರೋಣ, ಆದರೆ ಒಂದು ಷರತ್ತಿನ ಮೇಲೆ ಎಂದು ಎಚ್‌ಆರ್ ಮೇಡಂಗೆ ಹೇಳಿದೆ. ಉತ್ತರ ನೋಡಿದ ಮೇಲೆ ನನ್ನ ಉಳಿದ ಮಾತು ಬದಲಾಗಬೇಕು. ಬದಲಾಗದಿದ್ದರೆ ಆ ಪ್ರಶ್ನೆ ಬೇಡ.

ಎಲ್ಲಿ ನಿಲ್ಲಿಸಬೇಕು

‘ನಡುವೆ’ ಎಂದರೆ ಗಡಿಯಾರ ನೋಡಿ ಅರ್ಧಕ್ಕೆ ನಿಲ್ಲಿಸುವುದಲ್ಲ. ಮಾತಿನಲ್ಲಿ ಒಂದು ಜಾಗ ಇರುತ್ತದೆ. ಅಲ್ಲಿಯವರೆಗಿನದು ತಿಳಿಯದಿದ್ದರೆ ಮುಂದಿನದೆಲ್ಲ ವ್ಯರ್ಥ. ಶಿಕ್ಷಣ ಕ್ಷೇತ್ರದಲ್ಲಿ ಡಿಲನ್ ವಿಲಿಯಂ ಅವರು ಇಂಥ ಜಾಗದಲ್ಲಿ ಕೇಳುವ ಪ್ರಶ್ನೆಯನ್ನು ಹಿಂಜ್ ಪ್ರಶ್ನೆ ಎನ್ನುತ್ತಾರೆ. ಅದಕ್ಕೆ ಅವರು ಹೇಳುವ ಅಳತೆ ನನಗೆ ತುಂಬಾ ಉಪಯೋಗವಾಗಿದೆ. ಎಲ್ಲರೂ ಒಂದೆರಡು ನಿಮಿಷದೊಳಗೆ ಉತ್ತರಿಸುವಂತಿರಬೇಕು. ಆ ಉತ್ತರಗಳ ಅರ್ಥ ಹೇಳಿಕೊಡುವವರಿಗೆ ಅರ್ಧ ನಿಮಿಷದೊಳಗೆ ಸಿಗುವಂತಿರಬೇಕು.

ನಮ್ಮ ತರಬೇತಿಯಲ್ಲಿ ಎರಡು ಭಾಗ ಇದ್ದವು. ಮೊದಲನೆಯದು, ಮೋಸದ ಮೇಲ್ ಹೇಗೆ ಬರುತ್ತದೆ. ಎರಡನೆಯದು, ಕಂಪನಿಯ ಹೊಸ ಪದ್ಧತಿ: ಖಾತೆ ಬದಲಾವಣೆಯ ಕೋರಿಕೆ ಬಂದರೆ ನಮ್ಮ ದಾಖಲೆಯಲ್ಲಿ ಮೊದಲಿಂದ ಇರುವ ನಂಬರ್‌ಗೆ ಫೋನ್ ಮಾಡಿ ಕೇಳಬೇಕು, ಇಬ್ಬರು ಸಹಿ ಹಾಕಬೇಕು. ಈ ಎರಡರ ನಡುವೆ ಒಂದೇ ಒಂದು ವಿಚಾರ ನಿಂತಿದೆ. ಮೇಲ್ ಬಂದ ದಾರಿಯನ್ನು ಬಿಟ್ಟು ಬೇರೆ ದಾರಿಯಿಂದಲೇ ಖಾತರಿ ಮಾಡಿಕೊಳ್ಳಬೇಕು. ಇದು ಮನಸ್ಸಿಗೆ ಹತ್ತದಿದ್ದರೆ ಹೊಸ ಪದ್ಧತಿ ಬರೀ ತಲೆನೋವಿನ ಕಾಗದವಾಗುತ್ತದೆ. ಕೆಲಸ ಜಾಸ್ತಿ ಇದ್ದ ದಿನ ಜನ ಅದನ್ನು ಬಿಟ್ಟುಬಿಡುತ್ತಾರೆ. ಹಾಗಾಗಿ ಕ್ವಿಜ್‌ನ ಜಾಗ ಸಿಕ್ಕಿತು: ಮೊದಲ ಭಾಗ ಮುಗಿದ ಕೂಡಲೇ, ಸುಮಾರು 35ನೇ ನಿಮಿಷಕ್ಕೆ.

ಸಮಯದ ಲೆಕ್ಕವನ್ನೂ ಪ್ರಾಮಾಣಿಕವಾಗಿ ಹಾಕಬೇಕು. ಒಂದು ಪ್ರಶ್ನೆ ಎರಡು ನಿಮಿಷದಲ್ಲಿ ಆಗಿಬಿಡುತ್ತದೆ ಎಂದು ಬಹಳ ಜನ ಅಂದುಕೊಳ್ಳುತ್ತಾರೆ. ಪ್ರಶ್ನೆಯನ್ನು ಓದಲು ಒಂದು ನಿಮಿಷ, ಮೌನವಾಗಿ ಯೋಚಿಸಲು ಒಂದು ನಿಮಿಷ, ಮತ ಹಾಕಲು ಅರ್ಧ ನಿಮಿಷ. ಅಕ್ಕಪಕ್ಕದವರ ಜೊತೆ ಚರ್ಚೆಗೆ ಎರಡು ಮೂರು ನಿಮಿಷ, ಮತ್ತೆ ಮತ, ಆಮೇಲೆ ವಿವರಣೆ. ಚರ್ಚೆ ಇರುವ ಒಂದು ಪ್ರಶ್ನೆಗೆ ಎಂಟು ಹತ್ತು ನಿಮಿಷ ಬೇಕೇ ಬೇಕು. ನನ್ನ ಹತ್ತಿರ 17 ನಿಮಿಷ ಇತ್ತು. ಅದರಲ್ಲಿ ಎರಡೇ ಪ್ರಶ್ನೆ ಇಟ್ಟುಕೊಂಡೆ, ಚರ್ಚೆ ಒಂದಕ್ಕೆ ಮಾತ್ರ. ಮೂರನೆಯ ಪ್ರಶ್ನೆಯನ್ನು ಎರಡನೇ ಭಾಗದ ಕೊನೆಗೆ ಇಟ್ಟೆ. ಜಾಗ ಮಾಡಲು ಹನ್ನೊಂದು ಸ್ಲೈಡ್ ತೆಗೆದುಹಾಕಿದೆ. ಮೋಸದ ಮೇಲ್‌ಗಳ ಇತಿಹಾಸ, ಬಗೆಬಗೆಯ ಹೆಸರುಗಳು, ಇಂಥವು. ಅಕೌಂಟ್ಸ್‌ನವರಿಗೆ ಅವುಗಳಿಂದ ಏನೂ ಆಗಬೇಕಿರಲಿಲ್ಲ.

ತಪ್ಪು ಉತ್ತರಗಳನ್ನು ಹುಡುಕಿದ್ದು

ಈ ಕೆಲಸದಲ್ಲಿ ಜಾಸ್ತಿ ಹೊತ್ತು ಹಿಡಿಯುವುದು ತಪ್ಪು ಆಯ್ಕೆಗಳು. ಸರಿ ಉತ್ತರ ಪದ್ಧತಿಯ ಪುಸ್ತಕದಲ್ಲೇ ಇರುತ್ತದೆ. ತಪ್ಪು ಉತ್ತರಗಳು ಜನರ ತಲೆಯಲ್ಲಿರುತ್ತವೆ, ಅವರನ್ನು ಕೇಳದೆ ಸಿಗುವುದಿಲ್ಲ. ತರಬೇತಿಗೆ ಒಂದು ವಾರ ಮುಂಚೆ ಅಕೌಂಟ್ಸ್‌ನ ಮೂವರ ಜೊತೆ, ಪರ್ಚೇಸ್‌ನ ಒಬ್ಬರ ಜೊತೆ ಬೇರೆಬೇರೆಯಾಗಿ ಕೂತು ಮಾತಾಡಿದೆ. ಮೇಲ್‌ನ ಒಂದು ಮಾದರಿ ಮುಂದಿಟ್ಟು ‘ಇದು ಬೆಳಿಗ್ಗೆ ಬಂತು ಅಂದುಕೊಳ್ಳಿ, ಮುಂದೆ ಏನು ಮಾಡ್ತೀರಿ?’ ಎಂದಷ್ಟೇ ಕೇಳಿದೆ. ಮೋಸ ಎಂಬ ಪದ ಎತ್ತಲಿಲ್ಲ. ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆದುಕೊಂಡೆ.

ಒಬ್ಬರು ವಿಳಾಸ ನೋಡುತ್ತೇನೆ, ಹಳೆಯ ಮೇಲ್‌ಗಳು ಕೆಳಗಿವೆಯಾ ನೋಡುತ್ತೇನೆ, ಇದ್ದರೆ ಬದಲಾಯಿಸುತ್ತೇನೆ ಎಂದರು. ಇಬ್ಬರು ‘ದಯವಿಟ್ಟು ಖಚಿತಪಡಿಸಿ’ ಎಂದು ಅದೇ ಮೇಲ್‌ಗೆ ಉತ್ತರ ಬರೆಯುತ್ತೇವೆ ಎಂದರು. ಪರ್ಚೇಸ್‌ನವರು ಮೇಲ್‌ನ ಕೆಳಗಿರುವ ಮೊಬೈಲ್‌ಗೆ ಫೋನ್ ಮಾಡುತ್ತೇನೆ ಎಂದರು. ನನ್ನ ಮೂರು ತಪ್ಪು ಆಯ್ಕೆಗಳು ಹೀಗೆ ಸಿಕ್ಕವು. ಮೂರೂ ಕೇಳಲು ಜವಾಬ್ದಾರಿಯುತವಾಗಿವೆ. ಮೂರೂ ಆ ಕಳ್ಳನ ಕೈಗೇ ಹೋಗಿ ಬೀಳುತ್ತವೆ. ಮೇಲ್‌ಬಾಕ್ಸ್ ಅವನ ಕೈಯಲ್ಲಿದ್ದರೆ ‘ಹೌದು, ಖಚಿತ’ ಎಂದು ಉತ್ತರ ಬರೆಯುವವನೂ ಅವನೇ. ಮೇಲ್‌ನ ಕೆಳಗಿನ ಮೊಬೈಲ್ ನಂಬರ್ ಹಾಕಿದವನೂ ಅವನೇ.

ಮೊದಲ ಪ್ರಶ್ನೆ ವಿಳಾಸದ್ದು. ಎರಡು ವಿಳಾಸಗಳನ್ನು ಪರದೆಯ ಮೇಲೆ ಅಕ್ಕಪಕ್ಕ ಇಟ್ಟೆ, ಯಾವುದು ಸಪ್ಲೈಯರ್‌ನದ್ದು ಎಂದು ಕೇಳಿದೆ:

```
accounts@modernparts.example
accounts@modemparts.example
```

ಒಂದರಲ್ಲಿ `r` ಮತ್ತು `n`, ಇನ್ನೊಂದರಲ್ಲಿ `m`. ಸಣ್ಣ ಅಕ್ಷರದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಈ ಪ್ರಶ್ನೆ ಸುಲಭವೇ. ಜನರಿಗೆ ಮತ ಹಾಕುವ ರೀತಿ ಅಭ್ಯಾಸವಾಗಲಿ ಎಂಬುದು ಅದರ ಒಂದು ಕೆಲಸ. ಇನ್ನೊಂದು ಕೆಲಸ ಮುಂದಿನ ಪ್ರಶ್ನೆಗೆ ನೆಲ ಸಿದ್ಧಮಾಡುವುದು. ವಿಳಾಸ ಸರಿಯಿದ್ದರೆ ಮೇಲೂ ಸರಿ ಎಂಬ ನಂಬಿಕೆ ಯಾರಲ್ಲಿದೆಯೋ ಅದು ಎರಡನೆಯ ಪ್ರಶ್ನೆಯಲ್ಲಿ ಹೊರಬರುತ್ತದೆ.

ಎರಡನೆಯದೇ ಹಿಂಜ್ ಪ್ರಶ್ನೆ. ‘ಆರು ವರ್ಷದಿಂದ ಮಾಲು ಕೊಡುತ್ತಿರುವ ಸಪ್ಲೈಯರ್‌ನಿಂದ ಮೇಲ್ ಬಂದಿದೆ. ವಿಳಾಸ ಅಕ್ಷರ ಅಕ್ಷರ ಸರಿಯಿದೆ. ಕೆಳಗೆ ಹಳೆಯ ಮಾತುಕತೆ ಇದೆ. ಕ್ಯಾನ್ಸಲ್ ಚೆಕ್ ಜೊತೆಗಿದೆ. ಖಾತೆ ಬದಲಿಸಿ ಎಂದು ಕೇಳಿದ್ದಾರೆ. ನಿಮ್ಮ ಮುಂದಿನ ಹೆಜ್ಜೆ ಯಾವುದು?’ ಎ: ಎಲ್ಲ ಸರಿಯಿರುವುದರಿಂದ ಖಾತೆ ಬದಲಿಸುವುದು. ಬಿ: ಅದೇ ಮೇಲ್‌ಗೆ ಉತ್ತರಿಸಿ ಲಿಖಿತ ಖಾತರಿ ಕೇಳುವುದು. ಸಿ: ಮೇಲ್‌ನಲ್ಲಿರುವ ಮೊಬೈಲ್‌ಗೆ ಫೋನ್ ಮಾಡುವುದು. ಡಿ: ನಮ್ಮ ಸಪ್ಲೈಯರ್ ಮಾಸ್ಟರ್‌ನಲ್ಲಿರುವ ನಂಬರ್‌ಗೆ ಫೋನ್ ಮಾಡುವುದು. ನಾಲ್ಕೂ ವಾಕ್ಯಗಳನ್ನು ಹೆಚ್ಚುಕಮ್ಮಿ ಒಂದೇ ಉದ್ದಕ್ಕೆ ತಂದೆ.

ಡಿಸ್ಪ್ಯಾಚ್ ವಿಭಾಗದ ಇಬ್ಬರಿಗೆ ಮೊದಲು ಓದಿಸಿ ನೋಡಿದೆ. ಅವರು ತರಬೇತಿಗೆ ಬರುವವರಲ್ಲ. ಅದರಲ್ಲಿ ಒಬ್ಬರು “ಮಾಸ್ಟರ್ ಅಂದ್ರೆ ಯಾರು ಸರ್?” ಎಂದು ಕೇಳಿದರು. ಆ ಜಾಗದಲ್ಲಿ ‘ನಮ್ಮ ಸಿಸ್ಟಮ್‌ನಲ್ಲಿ ಮೊದಲಿಂದ ಇರುವ ನಂಬರ್’ ಎಂದು ತಿದ್ದಿದೆ. ಪ್ರಶ್ನೆಯ ಭಾಷೆ ಅರ್ಥವಾಗದೆ ಬರುವ ತಪ್ಪು ಉತ್ತರದಿಂದ ವಿಷಯ ಅರ್ಥವಾಗಿದೆಯೋ ಇಲ್ಲವೋ ತಿಳಿಯುವುದಿಲ್ಲ. ಕೇಳುಗರಲ್ಲಿ ಮರಾಠಿ, ಹಿಂದಿ, ಕನ್ನಡ ಎಲ್ಲ ಇದ್ದುದರಿಂದ ಪ್ರಶ್ನೆಯನ್ನು ಪರದೆಯಲ್ಲಿ ಸರಳ ಇಂಗ್ಲಿಷ್‌ನಲ್ಲಿ ಇಟ್ಟು, ಬಾಯಲ್ಲಿ ಹಿಂದಿಯಲ್ಲಿ ಓದುವುದು ಎಂದು ತೀರ್ಮಾನಿಸಿದೆವು.

ಫೋನ್ ಬಿಟ್ಟು ಕಾರ್ಡ್

ಫೋನಿನಲ್ಲೇ ಕ್ವಿಜ್ ನಡೆಸಿ ಮತ ಹಾಕಿಸುವ ಕಹೂಟ್, ಮೆಂಟಿಮೀಟರ್, ಸ್ಲೈಡೋ ಆ್ಯಪ್‌ಗಳು ಈಗ ಬಹಳ ಜನರಿಗೆ ಗೊತ್ತು. ಮೇಡಂ ಕೂಡ ಮೊದಲು ಕಹೂಟ್ ಎಂದರು, ಜನ ಖುಷಿಯಿಂದ ಆಡುತ್ತಾರೆ ಎಂದು. ನನಗೆ ಎರಡು ಕಾರಣಕ್ಕೆ ಅದು ಬೇಡವೆನಿಸಿತು. ಸಾಮಾನ್ಯವಾಗಿ ಅದರಲ್ಲಿ ಬೇಗ ಉತ್ತರಿಸಿದವರಿಗೆ ಜಾಸ್ತಿ ಅಂಕ, ಮುಂದಿರುವವರ ಹೆಸರು ಪರದೆ ಮೇಲೆ. ನಮ್ಮ ಇಡೀ ಪಾಠ ‘ಅವಸರ ಮಾಡಬೇಡಿ’ ಎಂಬುದು. ಅವಸರಕ್ಕೆ ಬಹುಮಾನ ಕೊಟ್ಟು ಅದನ್ನು ಹೇಗೆ ಕಲಿಸುವುದು? ಎರಡನೆಯದು ಜಾಗದ ತೊಂದರೆ. ಸ್ಟೋರ್ಸ್‌ನವರು ಫೋನನ್ನು ಗೇಟಿನಲ್ಲೇ ಇಟ್ಟು ಬರಬೇಕು. ಹಾಲ್‌ನ ಗೆಸ್ಟ್ ವೈಫೈಗೆ ಒಬ್ಬೊಬ್ಬರೂ ಒಟಿಪಿ ಹಾಕಬೇಕು. ಅದರಲ್ಲೇ ಹತ್ತು ನಿಮಿಷ ಹೋಗುತ್ತಿತ್ತು.

ಅದಕ್ಕೆ ಕಾಗದದ ಕಾರ್ಡ್ ಮಾಡಿದೆವು. ಒಂದು ಎ4 ಹಾಳೆಯ ಒಂದು ಬದಿಯನ್ನು ನಾಲ್ಕು ಭಾಗ ಮಾಡಿ ಎ, ಬಿ, ಸಿ, ಡಿ ಎಂದು ನಾಲ್ಕು ಬಣ್ಣದಲ್ಲಿ ಪ್ರಿಂಟ್ ಮಾಡಿಸುವುದು. ಮಡಚಿದರೆ ಒಂದೇ ಅಕ್ಷರ ಮುಂದೆ ಕಾಣುತ್ತದೆ. ಅದನ್ನು ಎದೆಗೆ ಒತ್ತಿ ಹಿಡಿದರೆ ಎದುರಿನವರಿಗೆ ಕಾಣುತ್ತದೆ, ಪಕ್ಕದವರಿಗೆ ಕಾಣುವುದಿಲ್ಲ. ಗೊತ್ತಿಲ್ಲದವರು ಖಾಲಿ ಬದಿ ತೋರಿಸಬಹುದು. ಈ ಖಾಲಿ ಬದಿ ಬೇಕು. ನಾಲ್ಕು ಆಯ್ಕೆ ಇದ್ದಾಗ ಏನೂ ತಿಳಿಯದವರೂ ಸುಮ್ನೆ ಒಂದನ್ನು ಆರಿಸಿದರೆ ನಾಲ್ವರಲ್ಲಿ ಒಬ್ಬರದು ಸರಿಯಾಗಿಬಿಡುತ್ತದೆ.

ಫೈನಾನ್ಸ್ ಹೆಡ್ ಎಲ್ಲಿ ಕೂರಬೇಕು ಎಂಬುದನ್ನೂ ಮೊದಲೇ ಮಾತಾಡಿದೆವು. ಅವರು ಮುಂದಿನ ಸಾಲಿನಲ್ಲಿ ಕೂತು ಕಾರ್ಡ್ ಎತ್ತಿದರೆ ಹಿಂದಿನವರ ಕಣ್ಣು ಅಲ್ಲಿಗೇ ಹೋಗುತ್ತದೆ. ಅವರು ಒಪ್ಪಿ ಕೊನೆಯ ಸಾಲಿನಲ್ಲಿ ಕೂತರು, ಮತ ಹಾಕಲಿಲ್ಲ. ಫೋನ್ ಬಳಸುವವರಿಗೂ ಇದೇ ಮಾತು ಬೇರೆ ರೂಪದಲ್ಲಿ ಅನ್ವಯಿಸುತ್ತದೆ. ಮತ ಬೀಳುತ್ತಿರುವಾಗಲೇ ಪರದೆಯಲ್ಲಿ ಕಂಬಗಳು ಏಳುವುದು ಕಂಡರೆ, ತಡವಾಗಿ ಮತ ಹಾಕುವವರು ಎತ್ತರದ ಕಂಬಕ್ಕೇ ಸೇರುತ್ತಾರೆ. ಫಲಿತಾಂಶ ಮುಚ್ಚಿಟ್ಟು, ಮತ ಮುಗಿದ ಮೇಲೆ ತೋರಿಸುವ ಆಯ್ಕೆ ಈ ಆ್ಯಪ್‌ಗಳಲ್ಲಿ ಇರುತ್ತದೆ. ಅದನ್ನು ಬಳಸಬೇಕು.

ಇನ್ನೊಂದು ಹಾಳೆ ನನ್ನ ಜೇಬಿನಲ್ಲಿತ್ತು. ಎಷ್ಟು ಜನ ಸರಿ ಹೇಳಿದರೆ ನಾನು ಏನು ಮಾಡಬೇಕು ಎಂದು ಅದರಲ್ಲಿ ಬರೆದಿದ್ದೆ. ಇದರ ಮೂಲ ಹಾರ್ವರ್ಡ್‌ನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಝೂರ್ ಅವರ ಪದ್ಧತಿ. ತಮ್ಮ ಪಾಠ ಕೇಳಿದ ವಿದ್ಯಾರ್ಥಿಗಳು ಲೆಕ್ಕ ಮಾಡುತ್ತಾರೆ, ಆದರೆ ಮೂಲ ವಿಚಾರ ಹಿಡಿದಿಲ್ಲ ಎಂದು ಕಂಡು, 1990ರ ದಶಕದ ಆರಂಭದಿಂದ ಅವರು ಪಾಠದ ನಡುವೆ ಪ್ರಶ್ನೆ ಕೇಳತೊಡಗಿದರು. ಮೊದಲು ಒಬ್ಬೊಬ್ಬರೇ ಮತ, ಆಮೇಲೆ ಪಕ್ಕದವರ ಜೊತೆ ವಾದ, ಮತ್ತೆ ಮತ. ಸುಮಾರು ನೂರಕ್ಕೆ 30ರಿಂದ 70 ಜನ ಸರಿ ಇದ್ದಾಗ ಆ ವಾದದಿಂದ ಹೆಚ್ಚು ಲಾಭ. ಅದಕ್ಕಿಂತ ಹೆಚ್ಚು ಜನ ಸರಿ ಹೇಳಿದರೆ ಎರಡು ಮಾತಿನಲ್ಲಿ ವಿವರಿಸಿ ಮುಂದೆ ಹೋಗಬಹುದು. ತೀರಾ ಕಡಿಮೆ ಇದ್ದರೆ ಚರ್ಚೆ ಬೇಡ, ಸರಿ ತಿಳಿದವರೇ ಸಾಕಷ್ಟು ಇಲ್ಲದ ಕಡೆ ತಪ್ಪೇ ಹರಡುತ್ತದೆ. ಆಗ ಬೇರೆ ಉದಾಹರಣೆ ಹಿಡಿದು ಮತ್ತೆ ಹೇಳಿಕೊಡಬೇಕು.

ಆ ದಿನ

ಮೊದಲ ಪ್ರಶ್ನೆಗೆ 34 ಜನ ಸರಿ. ಒಂದು ನಿಮಿಷ ಮಾತಾಡಿ ಮುಂದೆ ಹೋದೆ.

ಎರಡನೆಯ ಪ್ರಶ್ನೆಗೆ ಹಾಲ್ ಶಾಂತವಾಯಿತು. ಪೂರ್ತಿ ಒಂದು ನಿಮಿಷ ಯಾರೂ ಮಾತಾಡದಂತೆ ನೋಡಿಕೊಂಡೆ. ಮೂರು ಎಣಿಸಿದ ಮೇಲೆ ಎಲ್ಲರೂ ಒಟ್ಟಿಗೆ ಕಾರ್ಡ್ ಹಿಡಿದರು. ನನ್ನ ಜೊತೆ ಬಂದಿದ್ದ ಕಲಬುರಗಿಯ ಹುಡುಗ ಒಂದು ಕಡೆಯ ಸಾಲು ಎಣಿಸಿದ, ನಾನು ಇನ್ನೊಂದು ಕಡೆ. ಎ 5, ಬಿ 14, ಸಿ 6, ಡಿ 12, ಖಾಲಿ 1. ಸರಿ ಉತ್ತರ ನೂರಕ್ಕೆ 30ರ ಗೆರೆಯಿಂದ ಸ್ವಲ್ಪವೇ ಮೇಲೆ. ಹಿಂದಿನ ವರ್ಷ ಪೂರ್ತಿ ಅಂಕ ಪಡೆದ ಅದೇ ಜನ ಇವರು.

ಗೆರೆಯ ಹತ್ತಿರ ಇದ್ದುದರಿಂದ ಚರ್ಚೆಯೋ ಮರುಪಾಠವೋ ಎಂದು ಅಲ್ಲೇ ತೀರ್ಮಾನಿಸಬೇಕಿತ್ತು. ಡಿ ಎಂದವರು ಒಂದೇ ಕಡೆ ಕೂತಿರಲಿಲ್ಲ, ಎಲ್ಲ ಸಾಲಿನಲ್ಲೂ ಇದ್ದರು. ಅದಕ್ಕೆ ಚರ್ಚೆಗೆ ಬಿಟ್ಟೆ. ಎಷ್ಟು ಮತ ಯಾವುದಕ್ಕೆ ಎಂದು ಹೇಳಲಿಲ್ಲ, ಸರಿ ಯಾವುದು ಎಂದೂ ಹೇಳಲಿಲ್ಲ. ‘ನಿಮ್ಮದಲ್ಲದ ಉತ್ತರ ಕೊಟ್ಟವರನ್ನು ಹುಡುಕಿ, ಮೂರು ನಿಮಿಷದಲ್ಲಿ ಒಪ್ಪಿಸಿ’ ಎಂದೆ. ಈ ಮೂರು ನಿಮಿಷ ವೇದಿಕೆಯ ಮೇಲೆ ನಿಲ್ಲಬಾರದು. ಸಾಲುಗಳ ನಡುವೆ ನಡೆಯುತ್ತ ಕಿವಿಗೊಡಬೇಕು. ಜನ ಯಾಕೆ ತಪ್ಪು ಉತ್ತರ ಹಿಡಿದಿದ್ದಾರೆ ಎಂಬುದು ಮತದ ಎಣಿಕೆಯಿಂದ ಗೊತ್ತಾಗುವುದಿಲ್ಲ, ಈ ಮಾತುಗಳಿಂದ ಗೊತ್ತಾಗುತ್ತದೆ.

ಎರಡನೆಯ ಮತ: ಎ 1, ಬಿ 11, ಸಿ 2, ಡಿ 24. ಎ ಮತ್ತು ಸಿ ಹೆಚ್ಚುಕಮ್ಮಿ ಕರಗಿದವು. ಬಿ ಮಾತ್ರ ಕದಲಲಿಲ್ಲ. ಹದಿನಾಲ್ಕರಲ್ಲಿ ಮೂರೇ ಕಡಿಮೆಯಾಯಿತು.

ಯಾಕೆಂದು ನಡೆಯುವಾಗಲೇ ಕೇಳಿಸಿತ್ತು. ಅಕೌಂಟ್ಸ್‌ನ ಒಬ್ಬ ಹಿರಿಯರು ವಿಜಯಪುರದವರು. ಪಕ್ಕದ ಹುಡುಗಿಗೆ ಹೇಳುತ್ತಿದ್ದರು: “ತಂಗಿ, ಫೋನ್‌ನ್ಯಾಗ ಅವ್ರು ಹೂಂ ಅಂದ್ರು ಅಂತ ಇಟ್ಕೋ. ನಾಳೆ ಆಡಿಟರ್ ಬಂದು ಪುರಾವೆ ಕೇಳಿದ್ರ ಏನ್ ತೋರಸ್ತಿ? ಮೇಲ್ ಇದ್ರ ಕಾಗದ ಇರ್ತದ.” ಬಿ ಹಿಡಿದವರಲ್ಲಿ ಹೆಚ್ಚಿನವರು ಅಕೌಂಟ್ಸ್‌ನವರೇ. ಬರವಣಿಗೆಯಲ್ಲಿ ಪುರಾವೆ ಇಟ್ಟುಕೋ ಎಂದು ಆ ಕೆಲಸ ಅವರಿಗೆ ವರ್ಷಗಟ್ಟಲೆ ಕಲಿಸಿದೆ. ಅದು ಒಳ್ಳೆಯ ಅಭ್ಯಾಸ. ಅವರು ಕಳ್ಳನ ದಾರಿಯನ್ನು ಅರ್ಥಮಾಡಿಕೊಂಡಿರಲಿಲ್ಲ ಎಂದಲ್ಲ. ನಾವು ಕೊಡುತ್ತಿದ್ದ ದಾರಿಯಲ್ಲಿ ಅವರ ಕೈಗೆ ಪುರಾವೆ ಉಳಿಯುತ್ತಿರಲಿಲ್ಲ. ಫೈನಾನ್ಸ್ ಹೆಡ್ ತಂದಿದ್ದ ಹೊಸ ಫಾರ್ಮ್ ತೆಗೆದು ನೋಡಿದರೆ ‘ಫೋನ್ ಮಾಡಿ ಖಚಿತಪಡಿಸಲಾಗಿದೆ’ ಎಂದು ಒಂದು ಟಿಕ್ ಹಾಕುವ ಚೌಕ ಇತ್ತು, ಅಷ್ಟೇ.

ನನ್ನ ಮಟ್ಟಿಗೆ ಇಡೀ ಕ್ವಿಜ್‌ನ ಬೆಲೆ ಇಲ್ಲಿತ್ತು. ಒಂದು ತಪ್ಪು ಉತ್ತರ ಎರಡನೆಯ ಮತದಲ್ಲೂ ಕರಗದಿದ್ದರೆ ‘ಇವರಿಗೆ ಇನ್ನೊಮ್ಮೆ ಹೇಳಬೇಕು’ ಎಂದು ಹೊರಡಬಾರದು. ಆ ಉತ್ತರದ ಹಿಂದೆ ಕೆಲಸದ ಒಂದು ನಿಜವಾದ ಅಗತ್ಯ ಇದೆಯಾ ಎಂದು ಮೊದಲು ನೋಡಬೇಕು. ಜನ ಆ ಅಗತ್ಯವನ್ನು ಬಿಟ್ಟುಕೊಡುವುದಿಲ್ಲ, ಬಿಟ್ಟುಕೊಡಲೂ ಬಾರದು.

ಹಾಗಾಗಿ ಹಿರಿಯರ ಮಾತನ್ನು ಅವರ ಒಪ್ಪಿಗೆ ಪಡೆದು ಎಲ್ಲರ ಮುಂದಿಟ್ಟೆ. ಮೊದಲು ಅವರು ಹೇಳುವುದರಲ್ಲಿ ಸರಿ ಇರುವುದನ್ನು ಹೇಳಿದೆ: ಪುರಾವೆ ಬೇಕು. ಆಮೇಲೆ ಕೇಳಿದೆ, ಮೇಲ್‌ಬಾಕ್ಸ್ ಕಳ್ಳನ ಕೈಯಲ್ಲಿದ್ದರೆ ಆ ಲಿಖಿತ ಉತ್ತರ ಯಾರ ಪುರಾವೆ? ಹಿರಿಯರೇ “ಅದೂ ಖರೇ ಐತಿ” ಎಂದರು. ಮುಂದಿನ ಮಾತು ಸಲೀಸಾಯಿತು. ಫೋನ್ ಮೊದಲು, ಕಾಗದ ಆಮೇಲೆ. ಗೊತ್ತಿರುವ ನಂಬರ್‌ಗೆ ಫೋನ್ ಮಾಡಿ, ಯಾರ ಜೊತೆ, ಎಷ್ಟು ಹೊತ್ತಿಗೆ ಮಾತಾಡಿದೆವು ಎಂದು ರಿಜಿಸ್ಟರ್‌ನಲ್ಲಿ ಬರೆಯುವುದು. ನಂತರ ‘ಇಂದು ಇವರ ಜೊತೆ ಫೋನಿನಲ್ಲಿ ಮಾತಾಡಿದ್ದೇವೆ’ ಎಂದು ಮೇಲ್ ಕಳಿಸಿಡುವುದು.

ಒಬ್ಬರು ಕೇಳಿದರು, ಬ್ಯಾಂಕಿನಲ್ಲಿ ಈಗ ಹೆಸರು ತೋರಿಸುತ್ತದಲ್ಲ, ಅದನ್ನು ನೋಡಿದರೆ ಸಾಕಲ್ವಾ? ನೆಫ್ಟ್ ಮತ್ತು ಆರ್‌ಟಿಜಿಎಸ್‌ನಲ್ಲಿ ಹಣ ಜಮಾ ಆಗುವುದು ಖಾತೆ ನಂಬರ್ ನೋಡಿ. ಕಳಿಸುವ ಮೊದಲು ಪಡೆಯುವವರ ಹೆಸರು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಕೊಡಬೇಕೆಂದು ಆರ್‌ಬಿಐ ಬ್ಯಾಂಕುಗಳಿಗೆ ಹೇಳಿತ್ತು. ಅದು ಒಳ್ಳೆಯ ತಡೆ, ಬಳಸಲೇಬೇಕು. ಆದರೆ ಹೋಲುವ ಹೆಸರಿನಲ್ಲಿ ಖಾತೆ ತೆರೆದಿದ್ದರೆ ಅದೊಂದೇ ಸಾಲದು. ಇದನ್ನು ಹೇಳಿ ಎರಡನೆಯ ಭಾಗಕ್ಕೆ ಹೋದೆ. ಕ್ವಿಜ್ 17 ನಿಮಿಷದ ಬದಲು 21 ನಿಮಿಷ ತೆಗೆದುಕೊಂಡಿತು. ನಾಲ್ಕು ನಿಮಿಷವನ್ನು ಫಾರ್ಮ್ ತುಂಬುವ ವಿವರಣೆಯಿಂದ ಕಡಿತ ಮಾಡಿದೆ. ಫಾರ್ಮ್ ಹೇಗಿದ್ದರೂ ಬದಲಾಗಬೇಕಿತ್ತು.

ಮೂರನೆಯ ಪ್ರಶ್ನೆಯಲ್ಲಿ ಸಪ್ಲೈಯರ್ ಇರಲಿಲ್ಲ. ‘ಕಂಪನಿಯ ನೌಕರರೊಬ್ಬರಿಂದ ಎಚ್‌ಆರ್‌ಗೆ ಮೇಲ್: ಈ ತಿಂಗಳಿಂದ ಸಂಬಳ ಹೊಸ ಖಾತೆಗೆ ಹಾಕಿ.’ ಎರಡನೆಯ ಪ್ರಶ್ನೆಯನ್ನೇ ಮತ್ತೆ ಕೇಳಿದ್ದರೆ ಜನ ಡಿ ಎಂಬ ಅಕ್ಷರವನ್ನು ನೆನಪಿಟ್ಟಿದ್ದಾರಾ ಎಂದಷ್ಟೇ ತಿಳಿಯುತ್ತಿತ್ತು. ವೇಷ ಬದಲಿಸಿ ಕೇಳಿದರೆ ವಿಚಾರ ಹತ್ತಿದೆಯಾ ಎಂದು ತಿಳಿಯುತ್ತದೆ. ಸರಿ ಉತ್ತರದ ಜಾಗವನ್ನೂ ಬದಲಿಸಿದ್ದೆ, ಈ ಸಲ ಎ. ಆ ನೌಕರರನ್ನು ನೇರವಾಗಿ ಕಂಡು, ಇಲ್ಲವೇ ದಾಖಲೆಯಲ್ಲಿರುವ ನಂಬರ್‌ಗೆ ಫೋನ್ ಮಾಡಿ ಕೇಳುವುದು. 32 ಜನ ಸರಿ ಹೇಳಿದರು. ತಪ್ಪು ಹೇಳಿದ ಆರು ಜನರಲ್ಲಿ ನಾಲ್ವರು ಮತ್ತೆ ‘ಉತ್ತರ ಮೇಲ್ ಬರೆಯುವುದು’ ಎಂದಿದ್ದರು. ಅವರ ಜೊತೆ ಫೈನಾನ್ಸ್ ಹೆಡ್ ಆಮೇಲೆ ಬೇರೆಯಾಗಿ ಕೂರುವುದೆಂದಾಯಿತು.

ಕೊನೆಯ ಐದು ನಿಮಿಷ ಒಂದೇ ವಿಷಯ: ಹಣ ಹೋಗಿಬಿಟ್ಟರೆ ಏನು ಮಾಡಬೇಕು. ಕೂಡಲೇ ಬ್ಯಾಂಕಿಗೆ ಮತ್ತು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್, cybercrime.gov.in ನಲ್ಲಿ ದೂರು. ಬಯ್ಯುತ್ತಾರೆಂದು ಹೆದರಿ ಒಂದು ರಾತ್ರಿ ಸುಮ್ಮನಿದ್ದರೂ ಹಣ ಹಲವು ಖಾತೆಗಳಿಗೆ ಹಂಚಿಹೋಗಬಹುದು. ಇದಕ್ಕೆ ಕ್ವಿಜ್ ಬೇಕಿರಲಿಲ್ಲ. ಒಂದು ನಂಬರನ್ನು ಮೇಜಿನ ಮೇಲೆ ಅಂಟಿಸಿಕೊಂಡರೆ ಆಯಿತು.

ಆಮೇಲೆ

ಮೂರು ವಾರದ ನಂತರ ಮೇಡಂ ಅದೇ ಜನರಿಗೆ ಎರಡು ಪ್ರಶ್ನೆಗಳ ಒಂದು ಚೀಟಿ ಕೊಟ್ಟರು. ಮುಂಚೆ ಹೇಳಿರಲಿಲ್ಲ, ಹೆಸರು ಬರೆಯಿಸಲಿಲ್ಲ. ಈ ಅಂತರ ಬೇಕಾಗಿತ್ತು. ಓದಿದ್ದನ್ನು ಮತ್ತೆ ಓದುವವರಿಗಿಂತ ನೆನಪಿನಿಂದ ತೆಗೆದು ಬರೆಯುವವರಲ್ಲಿ ವಿಷಯ ಹೆಚ್ಚು ದಿನ ಉಳಿಯುತ್ತದೆ ಎಂದು ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಕಂಡಿದ್ದರು. ಹಾಗಾಗಿ ಆ ಚೀಟಿ ಅಳತೆಯೂ ಹೌದು, ಪಾಠವೂ ಹೌದು. ಹೆಚ್ಚಿನವರು ಸರಿ ಬರೆದರು.

ಆದರೆ ಹಾಲ್‌ನಲ್ಲೋ ಚೀಟಿಯಲ್ಲೋ ಸರಿ ಹೇಳಿದವರು ತಿಂಗಳ ಕೊನೆಯ ಸಂಜೆ, ಪರ್ಚೇಸ್‌ನವರು ತಲೆಯ ಮೇಲೆ ನಿಂತು ಅವಸರ ಮಾಡುವಾಗ ಏನು ಮಾಡುತ್ತಾರೆ ಎಂಬುದನ್ನು ಯಾವ ಕ್ವಿಜ್ ಕೂಡ ಹೇಳಲಾರದು. ಅದನ್ನು ರಿಜಿಸ್ಟರ್‌ನಲ್ಲೇ ನೋಡಬೇಕು. ಫೈನಾನ್ಸ್ ಹೆಡ್ ಆ ಟಿಕ್ ಚೌಕ ತೆಗೆದು ಐದು ಕಾಲಂ ಮಾಡಿದರು: ಯಾವ ನಂಬರ್, ಆ ನಂಬರ್ ಎಲ್ಲಿಂದ ಸಿಕ್ಕಿತು, ಯಾರು ಮಾತಾಡಿದರು, ಎಷ್ಟು ಹೊತ್ತಿಗೆ, ಎರಡನೆಯ ಸಹಿ. ‘ನಂಬರ್ ಎಲ್ಲಿಂದ ಸಿಕ್ಕಿತು’ ಎಂಬ ಕಾಲಂ ಮುಖ್ಯ. ಸಿ ಎಂಬ ತಪ್ಪು ಉತ್ತರವನ್ನು ಯಾರಾದರೂ ನಿಜವಾಗಿ ಮಾಡಿದರೆ ಅಲ್ಲಿ ಗೊತ್ತಾಗುತ್ತದೆ. ತಿಂಗಳಿಗೊಮ್ಮೆ ಕೆಲವು ಸಾಲುಗಳನ್ನು ಆರಿಸಿ, ಆ ಸಪ್ಲೈಯರ್‌ಗೆ ಮತ್ತೆ ಫೋನ್ ಮಾಡಿ ನೋಡುವುದೆಂದು ಅವರು ಗೊತ್ತುಮಾಡಿದ್ದಾರೆ.

ತರಬೇತಿ ಮುಗಿದು ಎಲ್ಲರೂ ಏಳುವಾಗ ಸ್ಟೋರ್ಸ್‌ನ ಒಬ್ಬ ಅಕ್ಕ ಹತ್ತಿರ ಬಂದು ಕನ್ನಡದಲ್ಲೇ ಕೇಳಿದ್ದರು: “ಸರ್, ಡಿ ಸರಿ ಅಂದ್ರಿ. ಸಿಸ್ಟಮ್‌ನಲ್ಲಿರೋ ನಂಬರೇ ಹಳೇದಾಗಿದ್ರೆ?” ನಾನು ಕೇಳಿದ ಮೂರು ಪ್ರಶ್ನೆಗಳಿಗಿಂತ ಇದು ಒಳ್ಳೆಯ ಪ್ರಶ್ನೆ. ಸಿಸ್ಟಮ್‌ನಲ್ಲಿರುವ ನಂಬರ್ ಹತ್ತದಿದ್ದರೆ ಜನ ಮೇಲ್‌ನಲ್ಲಿರುವ ನಂಬರ್‌ಗೇ ತಿರುಗುತ್ತಾರೆ, ಅಲ್ಲಿಗೆ ಡಿ ಹೋಗಿ ಸಿ ಆಗುತ್ತದೆ. ಹಳೆಯ ಪರ್ಚೇಸ್ ಆರ್ಡರ್‌ನಲ್ಲಿ, ಸಹಿ ಹಾಕಿದ ಕರಾರಿನಲ್ಲಿ ಇರುವ ನಂಬರ್ ನೋಡಬೇಕು, ಅಥವಾ ಆ ಸಪ್ಲೈಯರ್ ಜೊತೆ ದಿನಾ ವ್ಯವಹರಿಸುವ ನಮ್ಮವರನ್ನು ಕೇಳಬೇಕು. ಅದೂ ಆಗದಿದ್ದರೆ ಖಾತೆ ಬದಲಿಸುವುದು ಕಾಯಲಿ. ಪರ್ಚೇಸ್ ವಿಭಾಗ ಈಗ ಸಪ್ಲೈಯರ್ ನಂಬರ್‌ಗಳನ್ನು ಒಂದೊಂದಾಗಿ ಫೋನ್ ಮಾಡಿ ಸರಿಪಡಿಸುತ್ತಿದೆ. ದೊಡ್ಡ ಮೊತ್ತದವರಿಂದ ಶುರು ಮಾಡಿದ್ದಾರೆ. ಅದು ಮುಗಿಯುವವರೆಗೆ ಆ ಲಿಸ್ಟ್‌ನಲ್ಲಿ ಗುರುತು ಬೀಳದ ಸಪ್ಲೈಯರ್‌ನ ಖಾತೆಯನ್ನು ಯಾರೂ ಬದಲಿಸುವಂತಿಲ್ಲ.